ಕೊಟ್ಟ ಸ್ಟಾರ್ ವಾಪಸ್ ಪಡೆದರೆ

ಗೂಗಲ್ ಮ್ಯಾಪ್ಸ್‌ನಲ್ಲಿ ಸಿಟ್ಟಿನಲ್ಲಿ ಬರೆದ ರಿವ್ಯೂ ಬೇಡವೆನಿಸಿದರೆ ಅಳಿಸುವುದು ಸುಲಭ. ಆ್ಯಪ್‌ನ ಕೆಳಗಿರುವ Contribute ಒತ್ತಿ, ನಿಮ್ಮ ಪ್ರೊಫೈಲ್‌ಗೆ ಹೋಗಿ ಆ ರಿವ್ಯೂ ಹುಡುಕಿ. ಪಕ್ಕದ ಮೂರು ಚುಕ್ಕೆ ಒತ್ತಿದರೆ Delete review ಕಾಣುತ್ತದೆ. ಬರೆದಾಗ ಬಳಸಿದ ಖಾತೆಯಲ್ಲೇ ಇರಬೇಕು. ಎರಡು ಜಿಮೇಲ್ ಇರುವವರು ಎಡವುವುದು ಇಲ್ಲೇ. ಅಂಗಡಿಯವರು ಎಷ್ಟೇ ಬೇಡಿಕೊಂಡರೂ ಅವರ ಕೈಯಲ್ಲಿ ಈ ಗುಂಡಿ ಇಲ್ಲ, ದೂರು ಕೊಡಬಹುದಷ್ಟೆ.

ರಿವ್ಯೂ ಹೋದರೆ ಬರಹದ ಜತೆ ಸ್ಟಾರೂ ಹೋಗುತ್ತದೆ, ಎಣಿಕೆ ಒಂದು ಇಳಿಯುತ್ತದೆ. ಸರಾಸರಿಯ ಕತೆ ಬೇರೆ. ಒಂದು ಸಣ್ಣ ಮೆಸ್‌ಗೆ ಎಂಟು ಜನ ಐದು ಸ್ಟಾರ್, ನೀವೊಬ್ಬರು ಒಂದು ಸ್ಟಾರ್ ಕೊಟ್ಟಿದ್ದೀರಿ ಎನ್ನಿ. ಒಟ್ಟು 41ನ್ನು ಒಂಬತ್ತರಿಂದ ಭಾಗಿಸಿದರೆ ಸುಮಾರು 4.6. ನಿಮ್ಮದು ಹೋದರೆ ನೇರ 5.0! ಅದೇ 400 ರಿವ್ಯೂಗಳ, 4.2 ಸರಾಸರಿಯ ಹೋಟೆಲಿನಲ್ಲಿ ನಿಮ್ಮ ಒಂದು ಸ್ಟಾರ್ ತೆಗೆದರೂ 4.2 ಹಾಗೆಯೇ ನಿಲ್ಲುತ್ತದೆ. ಅಂಕಿ ತಕ್ಷಣ ಬದಲಾಗದಿದ್ದರೆ ಕೆಲವು ದಿನ ಕಾಯಿರಿ.

ಸೇವೆ ಸುಧಾರಿಸಿದ್ದರೆ ಅಳಿಸುವ ಬದಲು ಅದೇ ರಿವ್ಯೂ ತಿದ್ದುವುದು ನನಗೆ ಹೆಚ್ಚು ನ್ಯಾಯವೆನಿಸುತ್ತದೆ. ಅದೇ ಮೂರು ಚುಕ್ಕೆಯಲ್ಲಿ ತಿದ್ದುವ ಆಯ್ಕೆಯೂ ಇದೆ.