ಟೈಲ್ಸ್ ಸಂದಿನ ಕಪ್ಪು ತೆಗೆಯುವ ಬಗೆ

ಟೈಲ್ಸ್ ನಡುವಿನ ಸಿಮೆಂಟ್ ಗ್ರೌಟ್‌ನಲ್ಲಿ ಸಣ್ಣ ರಂಧ್ರಗಳಿರುತ್ತವೆ. ಅಡುಗೆಮನೆಯ ಜಿಡ್ಡು, ನೆಲ ಒರೆಸಿದ ಕೊಳೆನೀರು ಅಲ್ಲಿ ಇಳಿದು ಸಂದು ಕಪ್ಪಾಗುತ್ತದೆ. ಆಸಿಡ್ ಸುರಿದರೆ ತಕ್ಷಣ ಬೆಳ್ಳಗಾಗುತ್ತದೆ, ನಿಜ. ಆದರೆ ಅದು ಸಿಮೆಂಟನ್ನೇ ಕರಗಿಸುವುದರಿಂದ ಸಂದು ಒರಟಾಗಿ, ಮತ್ತೆ ಬೇಗ ಕೊಳೆ ಹಿಡಿಯುತ್ತದೆ. ಹಾಲ್‌ನಲ್ಲಿ ಮಾರ್ಬಲ್ ಇದ್ದರಂತೂ ನಿಂಬೆರಸವೂ ಹೊಳಪು ಕೆಡಿಸುತ್ತದೆ.

ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ಬಿಸಿನೀರಿನಿಂದ ಜಿಡ್ಡು ತೆಗೆಯಿರಿ. ಅಡುಗೆ ಸೋಡಾಕ್ಕೆ ಮೆಡಿಕಲ್ ಶಾಪ್‌ನ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಪೇಸ್ಟ್ ಮಾಡಿ, ಅದು ಶೇ. 6ರದ್ದಾದರೆ ಅಷ್ಟೇ ನೀರು ಬೆರೆಸಿಕೊಳ್ಳಿ. ಗ್ಲೌಸ್ ಹಾಕಿಕೊಂಡು, ಮೂಲೆಯಲ್ಲಿ ಪರೀಕ್ಷಿಸಿ, ಸಂದಿಗಷ್ಟೇ ಹಚ್ಚಿ. 10 ನಿಮಿಷದ ನಂತರ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ ಒರೆಸಿ.

ಒದ್ದೆ ಗ್ರೌಟ್ ಕಪ್ಪಾಗಿಯೇ ಕಾಣುತ್ತದೆ. ಫಲಿತಾಂಶವನ್ನು ಮರುದಿನ ನೋಡಿ. ಉದುರುತ್ತಿರುವ ಗ್ರೌಟನ್ನು ಮಾತ್ರ ಕೆರೆದು ಹೊಸದಾಗಿ ತುಂಬಿಸಬೇಕು.