ಕೂದಲಂಚಿನಲ್ಲಿ ಅಂಟಿಕೊಂಡ ಹಳೆಯ ಗೋಡೆ

ಸರ್ಕಲ್ಲಿನಲ್ಲಿ ಕಟ್ಟಿರುವ ಹುಟ್ಟುಹಬ್ಬದ ಫ್ಲೆಕ್ಸನ್ನು ಒಮ್ಮೆ ಹತ್ತಿರದಿಂದ ನೋಡಿ. ಕಡುನೀಲಿ ಹಿನ್ನೆಲೆಯ ಮೇಲೆ ಕೈಮುಗಿದು ನಿಂತವರ ತಲೆಯ ಸುತ್ತ ತೆಳ್ಳಗೆ ಒಂದು ಬಿಳಿ ಗೆರೆ ಕಾಣುತ್ತದೆ. ಅದು ದೇವರ ಪ್ರಭಾವಳಿಯೂ ಅಲ್ಲ, ಡಿಸೈನರ್ ಬೇಕೆಂದು ಎಳೆದದ್ದೂ ಅಲ್ಲ. ಮೂಲ ಫೋಟೊ ತೆಗೆದ ಜಾಗದ ಬಿಳಿ ಗೋಡೆ ಅದು. ಮನುಷ್ಯನನ್ನು ಕತ್ತರಿಸಿ ತಂದಾಗ ಗೋಡೆಯ ಒಂದು ಸಿಬಿರೂ ಜೊತೆಗೆ ಬಂದಿದೆ.

ಕತ್ತರಿಸಿದವರ ಕೈ ಸರಿಯಿಲ್ಲ ಎಂದು ದೂರುವುದು ಸುಲಭ. ಆದರೆ ಎಷ್ಟೇ ಹುಷಾರಾಗಿ ಕತ್ತರಿಸಿದರೂ ಈ ಗೆರೆ ಬರಬಹುದು. ಕ್ಯಾಮೆರಾದ ಪ್ರತಿ ಪಿಕ್ಸೆಲ್ ಒಂದೇ ಬಣ್ಣವನ್ನು ಹಿಡಿದಿಡಬಲ್ಲದು. ಕೂದಲು ಮುಗಿದು ಗೋಡೆ ಶುರುವಾಗುವ ಜಾಗ ಒಂದು ಪಿಕ್ಸೆಲ್ಲಿನ ನಡುವೆಯೇ ಹಾದುಹೋದರೆ ಆ ಪಿಕ್ಸೆಲ್ ಎರಡನ್ನೂ ಬೆರೆಸಿಕೊಳ್ಳುತ್ತದೆ. ಡಿಕಾಕ್ಷನ್ನಿಗೆ ಹಾಲು ಬಿದ್ದ ಹಾಗೆ. ಆಮೇಲೆ ಯಾವ ಕತ್ತರಿಯೂ ಅವೆರಡನ್ನು ಬೇರೆ ಮಾಡಲಾರದು.

ಒಂದು ಲೆಕ್ಕ ಹಾಕಿ ನೋಡೋಣ. ಸುಲಭವಾಗಲೆಂದು ಬಣ್ಣ ಬಿಟ್ಟು ಬರೀ ಹೊಳಪನ್ನು ತೆಗೆದುಕೊಳ್ಳುತ್ತೇನೆ: ಕಪ್ಪಿಗೆ 0, ಬಿಳಿಗೆ 255. ಕೂದಲಿನ ಹೊಳಪು 40, ಗೋಡೆಯದು 240. ಅರ್ಧ ಕೂದಲು, ಅರ್ಧ ಗೋಡೆ ಇರುವ ಪಿಕ್ಸೆಲ್ಲಿನ ಹೊಳಪು ಸುಮಾರು 140. ಇದನ್ನು 30ರಷ್ಟು ಹೊಳಪಿನ ಕಡುನೀಲಿ ಮೇಲೆ ಇಡಬೇಕು. ಅಂಚನ್ನು ಗಡುಸಾಗಿ ಕತ್ತರಿಸಿದ್ದರೆ 140 ಹಾಗೆಯೇ ಉಳಿಯುತ್ತದೆ. ಜಾಣತನದಿಂದ ಆ ಪಿಕ್ಸೆಲ್ಲನ್ನು ಅರ್ಧ ಪಾರದರ್ಶಕ ಮಾಡಿದ್ದರೂ 140ರ ಅರ್ಧಕ್ಕೆ 30ರ ಅರ್ಧ ಸೇರಿ 85 ಆಗುತ್ತದೆ. ನಿಜವಾಗಿ ಬರಬೇಕಾದದ್ದು 40ರ ಅರ್ಧ, 30ರ ಅರ್ಧ, ಅಂದರೆ 35. ಕಣ್ಣಿಗೆ ಬೀಳುವ ಗೆರೆ 85ಕ್ಕೂ 35ಕ್ಕೂ ಇರುವ ಆ ಅಂತರವೇ.

ಇಲ್ಲಿ ಪಾರದರ್ಶಕತೆ ಸರಿಯಾಗಿಯೇ ಇದೆ, ತಪ್ಪಿರುವುದು ಬಣ್ಣ. ಈ ಒಂದು ವಿಷಯ ತಿಳಿಯದೆ ಹೆಚ್ಚಿನವರು ಎರಡು ಕೆಲಸ ಮಾಡುತ್ತಾರೆ. ಒಂದು, Feather ಹಾಕಿ ಅಂಚನ್ನು ಮೆದುಮಾಡುವುದು. ಅದರಿಂದ ಗೆರೆ ಹೋಗುವುದಿಲ್ಲ, ಅಗಲವಾಗಿ ಮಂಜಿನ ಹಾಗೆ ಹರಡುತ್ತದೆ. ಇನ್ನೊಂದು, ಗೆರೆ ಮಾಯವಾಗುವವರೆಗೆ ಒಳಗೊಳಗೆ ಕತ್ತರಿಸುತ್ತಾ ಹೋಗುವುದು. ಭುಜ, ತೋಳು, ಪಂಚೆಯ ಅಂಚಿಗೆ ಇದು ತಕ್ಕಮಟ್ಟಿಗೆ ನಡೆಯುತ್ತದೆ. ಫೋಟೊಶಾಪಿನಲ್ಲಿ ಮಾಸ್ಕ್ ಆರಿಸಿಕೊಂಡು Filter > Other > Minimum ತೆರೆದು 1 ಪಿಕ್ಸೆಲ್ ಕೊಟ್ಟರೆ ಅಂಚು ಅಷ್ಟು ಒಳಗೆ ಸರಿಯುತ್ತದೆ. ಬಟ್ಟೆಯಲ್ಲಿ ಒಂದು ಪಿಕ್ಸೆಲ್ ಹೋದರೆ ಯಾರಿಗೂ ಗೊತ್ತಾಗದು. ಆದರೆ ಕೂದಲೆಳೆಯ ದಪ್ಪವೇ ಒಂದೋ ಎರಡೋ ಪಿಕ್ಸೆಲ್. ಅಲ್ಲಿ ಒಳಗೆ ಸರಿದರೆ ಎಳೆಗಳೆಲ್ಲ ಹೋಗಿ ತಲೆಗೆ ಹೆಲ್ಮೆಟ್ ಹಾಕಿದಂತೆ ಕಾಣುತ್ತದೆ.

ಕೂದಲಿಗೆ ಬೇರೆಯೇ ದಾರಿ ಬೇಕು. ಪಾರದರ್ಶಕತೆಯನ್ನು ಮುಟ್ಟದೆ ಬಣ್ಣವನ್ನಷ್ಟೇ ಬದಲಿಸಬೇಕು. ಕತ್ತರಿಸಿದ ಲೇಯರಿನ ಮೇಲೆ ಹೊಸ ಖಾಲಿ ಲೇಯರ್ ತೆರೆದು, ಅದನ್ನು ಕೆಳಗಿನದಕ್ಕೆ Create Clipping Mask ಮೂಲಕ ಕಟ್ಟಿಹಾಕಿ. ಇನ್ನು ಮೇಲೆ ಬಳಿದ ಬಣ್ಣ ಕೆಳಗೆ ಮನುಷ್ಯ ಇರುವಷ್ಟರಲ್ಲೇ, ಎಲ್ಲಿ ಎಷ್ಟು ಪಾರದರ್ಶಕವೋ ಅಷ್ಟೇ ಕಾಣುತ್ತದೆ, ಹೊರಗೆ ಚೆಲ್ಲುವುದಿಲ್ಲ. ಲೇಯರಿನ ಬ್ಲೆಂಡ್ ಮೋಡನ್ನು Darken ಮಾಡಿ. ಮೆತ್ತನೆಯ ಬ್ರಷ್ ಹಿಡಿದು, ಅಂಚಿನಿಂದ ಐದಾರು ಪಿಕ್ಸೆಲ್ ಒಳಗಿನ ಕೂದಲಿನ ಬಣ್ಣವನ್ನು ಎತ್ತಿಕೊಂಡು ಗೆರೆಯ ಮೇಲೆ ಬಳಿಯಿರಿ. ತನಗಿಂತ ಬೆಳ್ಳಗಿರುವುದನ್ನು ಮಾತ್ರ Darken ಬದಲಿಸುವುದರಿಂದ, ಮೊದಲೇ ಕಪ್ಪಾಗಿರುವ ಎಳೆಗಳು ಹಾಗೆಯೇ ಉಳಿಯುತ್ತವೆ. ನಮ್ಮ ಲೆಕ್ಕದ 140 ಇದ್ದಲ್ಲಿ 40 ಬಂದು ಕೂರುತ್ತದೆ, ಮೊತ್ತ ತಾನಾಗಿಯೇ 35 ಆಗುತ್ತದೆ. ಬಣ್ಣವನ್ನು ಅಲ್ಲಲ್ಲೇ ಹೊಸದಾಗಿ ಎತ್ತಿಕೊಳ್ಳುತ್ತಿರಬೇಕು. ನೆತ್ತಿಯ ಕೂದಲಿನ ಬಣ್ಣ ಕಿವಿಯ ಹತ್ತಿರದ್ದಕ್ಕೆ ಹೊಂದುವುದಿಲ್ಲ, ಕಿವಿಯ ಅಂಚಿಗಂತೂ ಚರ್ಮದ ಬಣ್ಣವೇ ಬೇಕು. ಗಿಂಪ್ ಬಳಸುವವರು ಲೇಯರಿನ Lock alpha channel ಒತ್ತಿ ನೇರವಾಗಿ ಬಳಿದರೂ ಇದೇ ಫಲ, ಮೂಲ ಲೇಯರಿನ ಒಂದು ಪ್ರತಿ ಇಟ್ಟುಕೊಂಡರೆ ಸಾಕು.

ಇದನ್ನೇ ತಾನಾಗಿ ಮಾಡುವ ಸಲಕರಣೆಗಳೂ ಇವೆ. Select and Mask ಒಳಗಿನ Decontaminate Colors, Layer > Matting ಅಡಿಯ Defringe ಎರಡೂ ಒಳಗಿನ ಬಣ್ಣವನ್ನು ಅಂಚಿಗೆ ಎಳೆದು ತರುತ್ತವೆ. ಅವಸರದ ಕೆಲಸಕ್ಕೆ ಪರವಾಗಿಲ್ಲ. ಆದರೆ ನರೆ ಬೆರೆತ ಗಡ್ಡದಲ್ಲಿ ಯಾವುದು ನರೆ, ಯಾವುದು ಗೋಡೆ ಎಂದು ಅವಕ್ಕೆ ಗೊತ್ತಾಗುವುದಿಲ್ಲ. ಅಲ್ಲಿ ಕೈ ಕೆಲಸವನ್ನೇ ನಾನು ನಂಬುತ್ತೇನೆ.

ಅದೇ ಫೋಟೊದಲ್ಲಿ ಬಿಳಿ ಅಂಗಿಯ ಸುತ್ತ ಗೆರೆ ಏಕಿಲ್ಲ ಎಂದು ಕೇಳಬಹುದು. ಅಂಗಿಯೂ ಬಿಳಿ, ಗೋಡೆಯೂ ಬಿಳಿ. ಬೆರೆತರೂ ಬಣ್ಣ ಬದಲಾಗಲಿಲ್ಲ. ಕೂದಲಿಗೆ ಮಾಡಿದ್ದನ್ನು ಅಂಗಿಗೂ ಮಾಡಲು ಹೋದರೆ ಇಲ್ಲದ ಕಪ್ಪು ಗೆರೆ ಹುಟ್ಟುತ್ತದೆ.

ಕಪ್ಪು ಗೆರೆಯ ಕಥೆ ಬಹುಪಾಲು ಇದರ ತಿರುವುಮುರುವು. ರಾತ್ರಿ ವೇದಿಕೆಯ ಮೇಲೆ ತೆಗೆದ ಗಾಯಕಿಯ ಚಿತ್ರವನ್ನು ತಿಳಿ ಹಳದಿಯ ಮೇಲೆ ಇಟ್ಟರೆ ಕೆನ್ನೆ, ತೋಳಿನ ಸುತ್ತ ಮಸಿ ಮೆತ್ತಿದಂತಾಗುತ್ತದೆ. ಆಗ ಅದೇ ವಿಧಾನಕ್ಕೆ Lighten ಮೋಡ್. ಆದರೆ ಕಪ್ಪಂಚಿಗೆ ಇನ್ನೊಂದು ಕಾರಣವೂ ಉಂಟು, ಅದರಲ್ಲಿ ಫೋಟೊದ ತಪ್ಪೇ ಇರುವುದಿಲ್ಲ. ಚಿತ್ರಗಳನ್ನು ಒಂದರ ಮೇಲೊಂದು ಇಡುವ ಗಣಿತವನ್ನು ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲಿ ಪ್ರಕಟಿಸಿದಾಗ, ಬಣ್ಣವನ್ನು ಮೊದಲೇ ಪಾರದರ್ಶಕತೆಯಿಂದ ಗುಣಿಸಿಟ್ಟುಕೊಳ್ಳುವ ಕ್ರಮವನ್ನು ಅನುಸರಿಸಿದರು. ಇಂದಿಗೂ ಕೆಲವು ತಂತ್ರಾಂಶಗಳು ಹಾಗೆ ಗುಣಿಸಿಡುತ್ತವೆ, ಕೆಲವು ಇಡುವುದಿಲ್ಲ. ಹೊಳಪು 200 ಇರುವ ಅರ್ಧ ಪಾರದರ್ಶಕ ಪಿಕ್ಸೆಲ್ ಗುಣಿಸಿದ ಮೇಲೆ 100 ಆಗಿರುತ್ತದೆ. ಇದು ತಿಳಿಯದ ತಂತ್ರಾಂಶ ಇನ್ನೊಮ್ಮೆ ಅರ್ಧ ಮಾಡುತ್ತದೆ, ಅಂಚು ಕಪ್ಪಾಗುತ್ತದೆ. ಯಾರೋ ಕತ್ತರಿಸಿ ಕಳಿಸಿದ ಚಿತ್ರದ ಮೆದು ಅಂಚಿನುದ್ದಕ್ಕೂ ಹೀಗೆ ಕಪ್ಪು ಕಂಡರೆ ಬ್ರಷ್ ಹಿಡಿಯುವ ಮೊದಲು Layer > Matting > Remove Black Matte ಒತ್ತಿ ನೋಡಿ. ಅದು ಗುಣಾಕಾರವನ್ನು ತಿರುಗಿ ಭಾಗಿಸುತ್ತದೆ, ಅಷ್ಟಕ್ಕೇ ಎಲ್ಲವೂ ಸರಿಹೋಗಬಹುದು.

ಅಂಚಿನ ಬೆಳಕೆಲ್ಲ ಕೊಳೆಯೂ ಅಲ್ಲ. ಸಂಜೆ ಬಿಸಿಲು ಬೆನ್ನ ಹಿಂದಿದ್ದರೆ ಕೂದಲು ನಿಜವಾಗಿಯೇ ಹೊಳೆಯುತ್ತದೆ. ಆ ಬೆಳಕು ಒಂದು ಮಗ್ಗುಲಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಕೊಳೆಯ ಗೆರೆಯಾದರೆ ಸುತ್ತಲೂ ಹೆಚ್ಚುಕಡಿಮೆ ಒಂದೇ ಅಗಲ. ಪರೀಕ್ಷೆಗೆ ಕೆಳಗೊಂದು ಲೇಯರ್ ಇಟ್ಟು ಒಮ್ಮೆ ಕಪ್ಪು, ಒಮ್ಮೆ ಬಿಳಿ ತುಂಬಿ ನೋಡಬೇಕು. ಫೋಟೊಶಾಪಿನ ಚೌಕುಳಿ ಹಿನ್ನೆಲೆಯ ಮೇಲೆ ಶುಭ್ರವಾಗಿ ಕಂಡದ್ದನ್ನು ನೆಚ್ಚಬಾರದು. ತಿಳಿಬೂದು ಚೌಕುಳಿಯಲ್ಲಿ ಬಿಳಿ ಗೆರೆ ಕರಗಿಹೋಗುತ್ತದೆ.

ಪರದೆಯ ಮೇಲೆ ಕಾಣದ್ದು ಫ್ಲೆಕ್ಸಿನಲ್ಲಿ ಕಾಣುವುದಕ್ಕೆ ಅಳತೆಯೇ ಕಾರಣ. 10 ಅಡಿ ಅಂದರೆ ಸುಮಾರು 3,000 ಮಿಲಿಮೀಟರ್. 1,000 ಪಿಕ್ಸೆಲ್ ಅಗಲದ ವಾಟ್ಸ್ಆ್ಯಪ್ ಫೋಟೊವನ್ನು ಅಷ್ಟಕ್ಕೆ ಹಿಗ್ಗಿಸಿದರೆ ಮೂರು ಪಿಕ್ಸೆಲ್ಲಿನ ಗೆರೆ ಒಂಬತ್ತು ಮಿಲಿಮೀಟರ್ ಆಗುತ್ತದೆ, ಕಿರುಬೆರಳಿನಷ್ಟು ಅಗಲ. ಅಂಥ ಫೋಟೊಗಳಲ್ಲಿ ತೊಂದರೆ ಇನ್ನೂ ಇದೆ. ಚಿತ್ರ ಚೂಪಾಗಿ ಕಾಣಲೆಂದು ಮೊಬೈಲ್ ತಾನೇ ಕಪ್ಪು ಕೂದಲಿನ ಹೊರಗೆ ಗೋಡೆಗಿಂತ ಬೆಳ್ಳಗಿನ ಗೆರೆ ಸೇರಿಸಿರುತ್ತದೆ. ಕಡತವನ್ನು ಕುಗ್ಗಿಸುವಾಗ ಬಣ್ಣವೂ ಒಂದೆರಡು ಪಿಕ್ಸೆಲ್ ಆಚೀಚೆ ಸೋರಿರುತ್ತದೆ. ಆಗ ಹಾರುವ ಎಳೆಗಳ ಆಸೆ ಬಿಟ್ಟು, ಎರಡು ಮೂರು ಪಿಕ್ಸೆಲ್ ಒಳಗೇ ಕತ್ತರಿಸಿ, ಸಣ್ಣ ಬ್ರಷ್ಷಿನಲ್ಲಿ ನಾಲ್ಕಾರು ಎಳೆಗಳನ್ನು ಹೊಸದಾಗಿ ಬರೆಯುವುದೇ ವಾಸಿ. ಅದಕ್ಕೂ ಹೊತ್ತಿಲ್ಲದಿದ್ದರೆ ಗಿರಾಕಿಯ ಹತ್ತಿರ ಮಾತಾಡಿ ಕಡುನೀಲಿಯ ಬದಲು ತಿಳಿ ಕೆನೆಬಣ್ಣದ ಹಿನ್ನೆಲೆಗೆ ಒಪ್ಪಿಸಿ. ಬಿಳಿ ಗೋಡೆಯ ಫೋಟೊ ಅದರ ಮೇಲೆ ಹೆಚ್ಚು ತಕರಾರಿಲ್ಲದೆ ಕೂರುತ್ತದೆ.