ಗೀತೆಯ 13.2 ಯಾವ ಶ್ಲೋಕ?

ಭಗವದ್ಗೀತೆಯಲ್ಲಿ ಎಷ್ಟು ಶ್ಲೋಕಗಳಿವೆ ಎಂದು ಕೇಳಿದರೆ ಹೆಚ್ಚಿನವರು 700 ಎನ್ನುತ್ತಾರೆ. ಆದರೆ ಕೆಲವು ಪುಸ್ತಕಗಳಲ್ಲಿ ಎಣಿಸಿ ನೋಡಿದರೆ 701 ಸಿಗುತ್ತವೆ. ಹೆಚ್ಚಿಗೆ ಬಂದ ಆ ಒಂದು ಶ್ಲೋಕ ಇರುವುದು 13ನೆಯ ಅಧ್ಯಾಯದ ಆರಂಭದಲ್ಲೇ. ಪ್ರಕೃತಿ, ಪುರುಷ, ಕ್ಷೇತ್ರ, ಕ್ಷೇತ್ರಜ್ಞ ಇವನ್ನೆಲ್ಲ ತಿಳಿಯಬೇಕೆಂದಿದ್ದೇನೆ ಎಂದು ಅರ್ಜುನ ಅಲ್ಲಿ ಕೇಳುತ್ತಾನೆ. ಶಂಕರರು ಈ ಶ್ಲೋಕಕ್ಕೆ ಭಾಷ್ಯ ಬರೆದಿಲ್ಲ. ಗೋರಖಪುರದ ಗೀತಾ ಪ್ರೆಸ್ಸಿನ ಪುಸ್ತಕಗಳಲ್ಲಿ ಈ ಅಧ್ಯಾಯ 34 ಶ್ಲೋಕಗಳಿಗೇ ಮುಗಿಯುತ್ತದೆ. ಇಸ್ಕಾನ್‌ನವರ ಗೀತೆಯಲ್ಲಿ ಅರ್ಜುನನ ಪ್ರಶ್ನೆಯೂ ಸೇರಿ 35 ಆಗುತ್ತವೆ.

ಒಂದು ಶ್ಲೋಕದ ವ್ಯತ್ಯಾಸ ತಾನೇ, ಅದರಿಂದೇನು ಎನ್ನಿಸಬಹುದು. ಪಿಎಚ್.ಡಿ. ಪ್ರಬಂಧವೊಂದರ ಅಡಿಟಿಪ್ಪಣಿಯಲ್ಲಿ ‘ಗೀತೆ 13.2’ ಎಂದಷ್ಟೇ ಇದೆ ಎಂದುಕೊಳ್ಳಿ. 35ರ ಎಣಿಕೆಯ ಪುಸ್ತಕ ತೆರೆದವರಿಗೆ ಅಲ್ಲಿ ಸಿಗುವುದು ಶರೀರವನ್ನೇ ಕ್ಷೇತ್ರವೆಂದು ಕರೆಯುವ ಶ್ಲೋಕ. 34ರ ಎಣಿಕೆಯಲ್ಲಿ ಅದೇ ಸಂಖ್ಯೆಗೆ ಸಿಗುವುದು, ಎಲ್ಲ ಕ್ಷೇತ್ರಗಳಲ್ಲೂ ಇರುವ ಕ್ಷೇತ್ರಜ್ಞ ನಾನೇ ಎಂದು ಕೃಷ್ಣ ಹೇಳುವ ಶ್ಲೋಕ. ಮೊದಲನೆಯದು ಬರೀ ವ್ಯಾಖ್ಯೆ. ಎರಡನೆಯದು ಜೀವ ಮತ್ತು ಈಶ್ವರರ ಸಂಬಂಧದ ಮಾತು. ಶಂಕರರು ಇದಕ್ಕೆ ಪುಟಗಟ್ಟಲೆ ಭಾಷ್ಯ ಬರೆದಿದ್ದಾರೆ, ರಾಮಾನುಜರು ಇದನ್ನು ಬೇರೆಯೇ ರೀತಿಯಲ್ಲಿ ಅರ್ಥೈಸಿದ್ದಾರೆ. ಅದ್ವೈತ, ವಿಶಿಷ್ಟಾದ್ವೈತಗಳ ಚರ್ಚೆಗೆ ತಳಪಾಯವಾದ ಶ್ಲೋಕಕ್ಕೇ ಹೀಗೆ ಎರಡು ಸಂಖ್ಯೆಗಳಿವೆ. 14ನೆಯ ಅಧ್ಯಾಯಕ್ಕೆ ಬಂದರೆ ಎಣಿಕೆ ಮತ್ತೆ ಒಂದರಿಂದ ಶುರುವಾಗುವುದರಿಂದ ಈ ಗೊಂದಲ ಮುಂದಕ್ಕೆ ಹರಡುವುದಿಲ್ಲ. ತಪ್ಪು ಯಾರ ಕಣ್ಣಿಗೂ ಬೀಳದೆ ಉಳಿಯಲು ಅದೂ ಒಂದು ಕಾರಣ.

ನಿಮ್ಮ ಕೈಯಲ್ಲಿರುವ ಪುಸ್ತಕ ಯಾವ ಎಣಿಕೆಯದು ಎಂದು ತಿಳಿಯುವುದು ಸುಲಭ. 13ನೆಯ ಅಧ್ಯಾಯದ ಕೊನೆಯ ಸಂಖ್ಯೆ ನೋಡಿ. ಮೊದಲು ಮಾತನಾಡುವವನು ಅರ್ಜುನನೋ ಕೃಷ್ಣನೋ ಎಂಬುದನ್ನೂ ನೋಡಿ. ಎರಡನ್ನೂ ನೋಡಬೇಕು, ಏಕೆಂದರೆ ಅರ್ಜುನನ ಶ್ಲೋಕವನ್ನು ಅಚ್ಚು ಹಾಕಿಯೂ ಅದಕ್ಕೆ ಸಂಖ್ಯೆ ಕೊಡದೆ ಬಿಡಲು ಸಂಪಾದಕರಿಗೆ ಅಡ್ಡಿಯೇನಿಲ್ಲ.

ಸಂಶೋಧಕರು ಇಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡರೆ ಅರ್ಧ ತೊಂದರೆ ನೀಗುತ್ತದೆ. ಶ್ಲೋಕದ ಸಂಖ್ಯೆ ಬರುವುದು ಮೂಲಪಾಠದ ಒಂದು ಆವೃತ್ತಿಯಿಂದ. ಉಲ್ಲೇಖಿಸಿದ ಕನ್ನಡ ವಾಕ್ಯ ಬರುವುದು ಒಬ್ಬ ಅನುವಾದಕರಿಂದ. ಇವೆರಡೂ ಒಂದೇ ಪುಸ್ತಕದಲ್ಲಿ ಇರಬೇಕೆಂದಿಲ್ಲ. ಹಾಗಾಗಿ ಸಂಖ್ಯೆಗೆ ಒಂದೇ ಆವೃತ್ತಿಯನ್ನು ಆಧಾರವಾಗಿ ಇಟ್ಟುಕೊಂಡು, ಗೀತೆಯನ್ನು ಮೊದಲ ಸಲ ಉಲ್ಲೇಖಿಸುವ ಟಿಪ್ಪಣಿಯಲ್ಲೇ ಅದನ್ನು ಹೇಳಿಬಿಡಬೇಕು: ‘ಶ್ಲೋಕಸಂಖ್ಯೆಗಳು ಇಂಥ ಆವೃತ್ತಿಯವು, 13ನೆಯ ಅಧ್ಯಾಯಕ್ಕೆ 34 ಶ್ಲೋಕಗಳ ಎಣಿಕೆ, ಬೇರೆ ಹೆಸರು ಹೇಳದ ಕಡೆ ಅನುವಾದ ಇಂಥವರದು.’ ಆಮೇಲಿನ ಟಿಪ್ಪಣಿಗಳಲ್ಲಿ ‘ಗೀತೆ 2.47’ ಎಂದರೆ ಸಾಕು. ಬೇರೆ ಎಣಿಕೆಯ ಅನುವಾದದಿಂದ ವಾಕ್ಯ ತೆಗೆದುಕೊಂಡ ಕಡೆ ಮಾತ್ರ ‘ಗೀತೆ 13.2 (ಅನುವಾದದಲ್ಲಿ 13.3)’ ಎಂದು ಬರೆದು ಅನುವಾದಕರ ಹೆಸರು, ಪುಟ ಕೊಡಬೇಕು. ಮೂಲಶ್ಲೋಕಕ್ಕೆ ಪುಟಸಂಖ್ಯೆ ಬೇಡ, ಮರುಮುದ್ರಣವಾದರೆ ಪುಟ ಬದಲಾಗುತ್ತದೆ. ಭಾಷ್ಯದ ಮಾತಿಗೆ ಮಾತ್ರ ಪುಟ ಬೇಕೇಬೇಕು. ಶಂಕರರ ಭಾಷ್ಯ 13.2 ಎಂದಷ್ಟೇ ಬರೆದರೆ ಓದುಗರು ಅಷ್ಟು ಪುಟಗಳಲ್ಲಿ ಎಲ್ಲಿ ಹುಡುಕಬೇಕು?

ಗೀತೆಯನ್ನು ಮಹಾಭಾರತದ ಭಾಗವಾಗಿ ಉಲ್ಲೇಖಿಸುವಾಗ ಇನ್ನೊಂದು ತೊಡಕಿದೆ. ಪುಣೆಯ ಭಂಡಾರಕರ್ ಸಂಸ್ಥೆಯ ಪರಿಷ್ಕೃತ ಆವೃತ್ತಿಯಲ್ಲಿ ಗೀತೆ ಇರುವುದು ಭೀಷ್ಮಪರ್ವದ 23ರಿಂದ 40ನೆಯ ಅಧ್ಯಾಯದವರೆಗೆ. ಉತ್ತರದಲ್ಲಿ ಬಳಕೆಯಲ್ಲಿದ್ದ ಪ್ರಚಲಿತ ಪಾಠದಲ್ಲಿ ಅದು 25ರಿಂದ 42. ಅಂದರೆ ಗೀತೆಯ ಅಧ್ಯಾಯದ ಸಂಖ್ಯೆಗೆ ಪುಣೆಯ ಪಾಠದಲ್ಲಿ 22 ಕೂಡಿಸಬೇಕು, ಪ್ರಚಲಿತ ಪಾಠದಲ್ಲಿ 24. ಗೀತೆ 2.47 ಪುಣೆಯಲ್ಲಿ 6.24.47 ಆದರೆ ಇನ್ನೊಂದರಲ್ಲಿ 6.26.47. ಪರ್ವದ ಸಂಖ್ಯೆ ಕೊಟ್ಟವರು ಆವೃತ್ತಿಯ ಹೆಸರು ಕೊಡದಿದ್ದರೆ ಓದುಗರು ಎರಡು ಅಧ್ಯಾಯ ಆಚೆಗೋ ಈಚೆಗೋ ಹೋಗಿ ನಿಲ್ಲುತ್ತಾರೆ.

ನನಗೆ ಹೆಚ್ಚು ಅಪಾಯಕಾರಿ ಅನ್ನಿಸುವುದು ಬೇರೊಬ್ಬ ವಿದ್ವಾಂಸರ ಟಿಪ್ಪಣಿಯಿಂದ ಸಂಖ್ಯೆಯನ್ನು ಎತ್ತಿ ನಮ್ಮ ಟಿಪ್ಪಣಿಗೆ ಇಳಿಸುವುದು. ಅವರು 35ರ ಎಣಿಕೆಯವರು, ನಾವು 34ರವರು ಆಗಿದ್ದರೆ ಒಂದೇ ಪ್ರಬಂಧದಲ್ಲಿ ಎರಡು ಲೆಕ್ಕ ಬೆರೆತುಹೋಗುತ್ತವೆ. ಅವರ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಕೊಡುತ್ತಿದ್ದರೆ ಅವರ 13.3 ಹಾಗೆಯೇ ಇರಲಿ, ನಮ್ಮ ಎಣಿಕೆಯ 13.2 ನಮ್ಮ ಟಿಪ್ಪಣಿಯಲ್ಲಿ ಬರಲಿ. ಪ್ರಬಂಧ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ‘13.’ ಎಂದು ಹುಡುಕಿ, ಸಿಕ್ಕ ಒಂದೊಂದು ಟಿಪ್ಪಣಿಯನ್ನೂ ಆಧಾರಪುಸ್ತಕದೊಂದಿಗೆ ತಾಳೆ ನೋಡಬೇಕು. ಆಗ ಸಂಖ್ಯೆಯನ್ನಷ್ಟೇ ನೋಡಿದರೆ ಸಾಲದು. ಅಲ್ಲಿರುವ ಶ್ಲೋಕ ನೀವು ಹೇಳಹೊರಟ ಮಾತನ್ನೇ ಹೇಳುತ್ತದೆಯೇ ಎಂದು ಓದಿ ನೋಡಬೇಕು.